ಒಂದು ಕಿಟಕಿ ಗ್ರಿಲ್‌ಗೆ ಎಷ್ಟು ಕೆಜಿ ಕಬ್ಬಿಣ ಹೋಗತ್ತೆ: ಟೇಪಿಂದ ತಕ್ಕಡಿವರೆಗೆ

(ನಮ್ಮ ಲೇಔಟಿನ ಹಾಲಲ್ಲಿ ಮನೆ ಕಟ್ಟಿಸ್ತಿರೋರಿಗೆ ಅಂತ ಮಾತಾಡಿದ್ದು. ಲೆಕ್ಕಗಳನ್ನ ಬರ್ದು ಹಾಕಿ ಅಂತ ಸುಮಾರು ಜನ ಕೇಳಿದ್ರು, ಅದಕ್ಕೆ ಮಾತಾಡಿದ ಹಾಗೇ ಬರ್ದಿದೀನಿ, ಬೋರ್ಡ್ ಮೇಲೆ ಬರೆದಿದ್ದನ್ನ ಮಧ್ಯೆ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರೋರಲ್ಲಿ ಹೆಚ್ಚಿನೋರು 30×40 ಸೈಟಲ್ಲಿ ಮನೆ ಕಟ್ಟಿಸ್ತಾ ಇದೀರ, ಕೆಲವ್ರದ್ದು ಪ್ಲಾಸ್ಟರಿಂಗ್ ಮುಗ್ದಿದೆ, ಈಗ ಗ್ರಿಲ್ ಕೊಟೇಶನ್ ತಗೊಳ್ತಾ ಇದೀರ. ನಾನು ಗ್ರಿಲ್ ಕೆಲಸದೋನು, ಪೀಣ್ಯ ಕಡೆ ಶೆಡ್ ಇದೆ. ಇವತ್ತು ಡಿಸೈನ್ ಬಗ್ಗೆ ಮಾತಾಡಲ್ಲ, ರೇಟ್ ಬಗ್ಗೆನೂ ಮಾತಾಡಲ್ಲ, ಯಾಕಂದ್ರೆ ಕಬ್ಬಿಣದ ರೇಟು ಇವತ್ತೊಂದು ನಾಳೆ ಒಂದು. ಒಂದೇ ಒಂದು ಕಿಟಕಿ ತಗೊಂಡು, ಅದರ ಅಳತೆಯಿಂದ ಶುರು ಮಾಡಿ, ಸರಳು ಎಷ್ಟು, ಪಟ್ಟಿ ಎಷ್ಟು, ಒಟ್ಟು ಎಷ್ಟು ಕೆಜಿ ಅಂತ ಪೂರ್ತಿ ಲೆಕ್ಕ ಹಾಕೋಣ. ಇದು ಬಂದ್ರೆ ನಿಮ್ಮ ಮನೇಲಿರೋ ಎಲ್ಲಾ ಕಿಟಕಿಗೂ ನೀವೇ ಹಾಕ್ಕೋಬಹುದು, ಮೊಬೈಲಲ್ಲಿರೋ ಕ್ಯಾಲ್ಕ್ಯುಲೇಟರ್ ಸಾಕು.

ಈ ಲೆಕ್ಕ ಯಾಕೆ ಬೇಕು ಅಂದ್ರೆ, ನಮ್ಮೂರಲ್ಲಿ ಗ್ರಿಲ್ ಕೊಟೇಶನ್ ಎರಡು ಥರ ಕೊಡ್ತಾರೆ. ಕೆಲವ್ರು ಕೆಜಿಗೆ ಇಷ್ಟು ಅಂತಾರೆ, ಕೆಲವ್ರು ಸ್ಕ್ವೇರ್ ಫೀಟ್‌ಗೆ ಇಷ್ಟು ಅಂತಾರೆ. ಸ್ಕ್ವೇರ್ ಫೀಟ್ ರೇಟು ಕೇಳೋಕೆ ಸುಲಭ, ಕಿಟಕಿ ಉದ್ದ ಅಗಲ ಗುಣಿಸಿದ್ರೆ ಮುಗೀತು, ಆದ್ರೆ ಆ ಒಂದು ಅಡಿ ಜಾಗದೊಳಗೆ ಎಷ್ಟು ಕಬ್ಬಿಣ ಇದೆ ಅಂತ ಅದರಲ್ಲಿ ಎಲ್ಲೂ ಬರಲ್ಲ. ಅದೇ ಕಿಟಕಿಗೆ 24 ಕೆಜಿ ಗ್ರಿಲ್ಲೂ ಮಾಡಬಹುದು, 13 ಕೆಜಿ ಗ್ರಿಲ್ಲೂ ಮಾಡಬಹುದು, ಪೇಂಟ್ ಹೊಡೆದ ಮೇಲೆ ದೂರದಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣತ್ತೆ.

ಮೊದಲು ಅಳತೆ

ನಮ್ಮ ಕಿಟಕಿ ಸುಮಾರು 5 ಅಡಿ ಅಗಲ, 4 ಅಡಿ ಎತ್ತರ ಅಂತಿಟ್ಕೊಳ್ಳಿ. ಲೆಕ್ಕಕ್ಕೆ 1500 ಎಂಎಂ ಅಗಲ, 1200 ಎಂಎಂ ಎತ್ತರ. ದಯವಿಟ್ಟು ಎಂಎಂನಲ್ಲೇ ಹಿಡೀರಿ. ಅಡಿ ಇಂಚು ಅಂತ ಹೋದ್ರೆ "ನಾಲ್ಕಡಿ ಮುಕ್ಕಾಲಿಂಚು ಚಿಲ್ರೆ" ಅಂತ ಬರ್ಕೊಂಡು, ಆಮೇಲೆ ಆ ಚಿಲ್ರೆ ಎಷ್ಟು ಅಂತ ಯಾರಿಗೂ ನೆನಪಿರಲ್ಲ.

ಪ್ಲ್ಯಾನಲ್ಲಿ ಇರೋ ಅಳತೆ ತಗೋಬೇಡಿ. ಪ್ಲ್ಯಾನಲ್ಲಿರೋದು ಗೋಡೆ ಕಟ್ಟೋವಾಗಿನ ಅಳತೆ. ಆಮೇಲೆ ಎರಡೂ ಪಕ್ಕ ಪ್ಲಾಸ್ಟರ್ ಬರತ್ತೆ, ಒಂದೊಂದು ಪಕ್ಕ ಅರ್ಧ ಇಂಚು ಅಂದ್ರೂ ಅಗಲದಲ್ಲಿ ಒಂದಿಂಚು ಹೋಯ್ತು. ಕೆಳಗಡೆ ಗ್ರಾನೈಟ್ ಕೂರಿಸ್ತೀರ, ಕಲ್ಲು ಅದರ ಕೆಳಗಿನ ಸಿಮೆಂಟು ಎರಡೂ ಸೇರಿದ್ರೆ ಎತ್ತರದಲ್ಲಿ ಇನ್ನೊಂದಿಂಚು ಒಂದೂವರೆ ಇಂಚು ಹೋಗತ್ತೆ. ಹಾಗಾಗಿ ಪ್ಲಾಸ್ಟರ್ ಆಗಿ, ಗ್ರಾನೈಟ್ ಕೂತ ಮೇಲೇ ಟೇಪ್ ಹಿಡೀಬೇಕು. ಅಗಲನ ಮೇಲೆ, ಮಧ್ಯ, ಕೆಳಗೆ ಮೂರು ಕಡೆ ಅಳೀರಿ, ಎತ್ತರನೂ ಎಡ, ಮಧ್ಯ, ಬಲ ಮೂರು ಕಡೆ, ಅದರಲ್ಲಿ ಯಾವುದು ಚಿಕ್ಕದೋ ಅದನ್ನೇ ಬರ್ಕೊಳ್ಳಿ. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಅಡ್ಡಗೆರೆ ಅಳೀರಿ. ನಮ್ಮ ಕಿಟಕಿಗೆ ಎರಡೂ 1921 ಬರಬೇಕು. ಒಂದು 1915, ಇನ್ನೊಂದು 1927 ಅಂತ ಬಂದ್ರೆ ಕಿಟಕಿ ಓರೆ ಇದೆ ಅಂತರ್ಥ, ಅವಾಗ ಗ್ರಿಲ್‌ನ ಇನ್ನೂ ಸ್ವಲ್ಪ ಚಿಕ್ಕದು ಮಾಡ್ಬೇಕಾಗತ್ತೆ, ಇಲ್ಲಾಂದ್ರೆ ಕೂರಿಸೋ ದಿನ ಹುಡುಗ್ರು ಪ್ಲಾಸ್ಟರ್ ಕೆತ್ತೋಕೆ ಶುರು ಮಾಡ್ತಾರೆ.

ಗ್ರಿಲ್ಲು ಕಿಟಕಿಗಿಂತ ಸ್ವಲ್ಪ ಚಿಕ್ಕದಿರಬೇಕು, ಸುತ್ತ 5 ಎಂಎಂ ಬಿಡೋಣ. ಎರಡೂ ಪಕ್ಕ ಸೇರಿ 10. ಹಾಗಾದ್ರೆ ಗ್ರಿಲ್ ಹೊರ ಅಳತೆ 1490 ಇಂಟು 1190.

ಸುತ್ತಿನ ಪಟ್ಟಿ

ಸುತ್ತಾ ಫ್ರೇಮಿಗೆ 25×5 ಪಟ್ಟಿ ಹಾಕ್ತೀವಿ, ಅಂದ್ರೆ 25 ಎಂಎಂ ಅಗಲ 5 ಎಂಎಂ ದಪ್ಪ. ಎದುರಿಂದ ನೋಡಿದ್ರೆ 5 ಎಂಎಂ ಅಂಚು ಮಾತ್ರ ಕಾಣೋ ಹಾಗೆ ನಿಲ್ಲಿಸ್ತೀವಿ, 25 ಗೋಡೆಯ ಆಳದ ಕಡೆ ಹೋಗತ್ತೆ. ಮೇಲೆ ಕೆಳಗೆ ಎರಡು ಪೀಸು 1490ರದ್ದು. ಪಕ್ಕದ ಎರಡು ಪೀಸು ಇವೆರಡರ ಮಧ್ಯೆ ನಿಲ್ಲತ್ತೆ, ಅದಕ್ಕೆ 1190ರಲ್ಲಿ ಮೇಲಿಂದು 5, ಕೆಳಗಿಂದು 5 ಕಳೀಬೇಕು, 1180. ನಾಲ್ಕೂ ಕೂಡಿಸಿದ್ರೆ 5340 ಎಂಎಂ, ಅಂದ್ರೆ 5.34 ಮೀಟರ್.

ಒಳಗಡೆ ಉಳಿದ ಜಾಗ 1480 ಅಗಲ, 1180 ಎತ್ತರ. ಸರಳಿನ ಲೆಕ್ಕಕ್ಕೆ ಈ ಎರಡು ನಂಬರೇ ಬೇಕಾಗಿರೋದು. 1500, 1200 ಇಟ್ಕೊಂಡು ಲೆಕ್ಕ ಮಾಡೋರು ತುಂಬಾ ಜನ ಇದಾರೆ, ಅವಾಗ ಪ್ರತಿ ಸರಳೂ ಉದ್ದ ಬಂದು ಮತ್ತೆ ಕಟ್ ಮಾಡ್ಬೇಕಾಗತ್ತೆ.

ಸರಳು ಎಷ್ಟು ಬೇಕು

ಇಲ್ಲೇ ಎಲ್ಲರೂ ಎಡವೋದು, ಅದಕ್ಕೆ ಸ್ವಲ್ಪ ನಿಧಾನವಾಗಿ ಹೋಗೋಣ. ನಾವು ಉದ್ದಕ್ಕೆ ನಿಲ್ಲೋ ಸರಳು ಹಾಕ್ತಾ ಇದೀವಿ, 12 ಎಂಎಂ ಸ್ಕ್ವೇರ್ ರಾಡ್. ನೀವು ಫ್ಯಾಬ್ರಿಕೇಟರ್‌ಗೆ "ನಾಲ್ಕಿಂಚು ಗ್ಯಾಪ್ ಇರ್ಲಿ ಅಣ್ಣಾ" ಅಂತೀರ, ಅವರು ಆಯ್ತು ಸಾರ್ ಅಂತಾರೆ. ನಿಮ್ಮ ತಲೇಲಿ ನಾಲ್ಕಿಂಚು ಅಂದ್ರೆ ಎರಡು ಸರಳಿನ ಮಧ್ಯೆ ಕೈ ಹೋಗೋ ಖಾಲಿ ಜಾಗ. ಅವರ ತಲೇಲಿ ಒಂದು ಸರಳಿನ ನಡುವಿಂದ ಇನ್ನೊಂದರ ನಡುವಿಗೆ ಇರಬಹುದು. ಎರಡಕ್ಕೂ 12 ಎಂಎಂ ವ್ಯತ್ಯಾಸ, ದೊಡ್ಡ ಕಿಟಕೀಲಿ ಒಂದೆರಡು ಸರಳೇ ಆ ಕಡೆ ಈ ಕಡೆ ಆಗತ್ತೆ. ಅದಕ್ಕೆ ನಾನು ಯಾವಾಗ್ಲೂ "ಖಾಲಿ ಗ್ಯಾಪ್ 100 ಎಂಎಂಗಿಂತ ಜಾಸ್ತಿ ಇರಬಾರ್ದು" ಅಂತಲೇ ಹೇಳೋದು, ಹಾಗೇ ಬರೆಸ್ಕೊಳ್ಳೋದು. ಮನೇಲಿ ಚಿಕ್ಕ ಮಕ್ಕಳಿದ್ರೆ ಇದರಲ್ಲಿ ರಾಜಿ ಬೇಡ, ಯಾಕಂದ್ರೆ ಮಗುವಿನ ಮೈ ತೂರೋ ಕಡೆ ತಲೆ ಸಿಕ್ಕಾಕೊಳ್ಳೋ ಅಪಾಯ ಇರತ್ತೆ.

ಇನ್ನೊಂದು, 1480ನ 100ರಿಂದ ಭಾಗಿಸಿ ಸುಮಾರು 15 ಸರಳು ಅನ್ನೋದು ತಪ್ಪು ಲೆಕ್ಕ. ಸರಳಿಗೂ ದಪ್ಪ ಇದೆ, ಅದೂ ಜಾಗ ತಿನ್ನತ್ತೆ. ಜೊತೆಗೆ ಎರಡೂ ಪಕ್ಕ ಪಟ್ಟಿ ಇರೋದ್ರಿಂದ ಗ್ಯಾಪ್ ಯಾವಾಗ್ಲೂ ಸರಳಿಗಿಂತ ಒಂದು ಜಾಸ್ತಿ. ಮಧ್ಯದಲ್ಲಿ ಒಂದು ಸರಳು ನಿಲ್ಲಿಸಿದ್ರೆ ಎರಡು ಗ್ಯಾಪ್, ಎರಡು ನಿಲ್ಲಿಸಿದ್ರೆ ಮೂರು. ಬೋರ್ಡ್ ಮೇಲೆ ಬರೆದಿದ್ದು ಇದು:

```
n   = (W - g) / (g + t)
gap = (W - n*t) / (n + 1)
```

W ಅಂದ್ರೆ ಒಳಗಿನ ಅಗಲ, g ಅಂದ್ರೆ ಅತೀ ಹೆಚ್ಚು ಅಂದ್ರೆ ಎಷ್ಟು ಖಾಲಿ ಗ್ಯಾಪ್ ಬಿಡಬಹುದು, t ಸರಳಿನ ದಪ್ಪ, n ಸರಳಿನ ಸಂಖ್ಯೆ. ಮೊದಲನೇ ಲೈನಲ್ಲಿ ಪಾಯಿಂಟ್ ಬಂದ್ರೆ ಮೇಲಿನ ಪೂರ್ತಿ ಸಂಖ್ಯೆ ತಗೋಬೇಕು, ಕೆಳಗಿಂದಲ್ಲ. ನಮ್ಮದಕ್ಕೆ 1480ರಲ್ಲಿ 100 ಕಳೆದ್ರೆ 1380, ಅದನ್ನ 112ರಿಂದ ಭಾಗಿಸಿದ್ರೆ 12.3, ಹಾಗಾಗಿ 13 ಸರಳು. ಈಗ ನಿಜವಾದ ಗ್ಯಾಪ್ ಎಷ್ಟು? 13 ಸರಳಿನ ದಪ್ಪ 156, ಅದನ್ನ 1480ರಲ್ಲಿ ಕಳೆದ್ರೆ 1324, 14 ಗ್ಯಾಪಿಗೆ ಹಂಚಿದ್ರೆ 94.6 ಎಂಎಂ. ಫ್ಯಾಬ್ರಿಕೇಟರ್ ಹತ್ರ 94 ಎಂಎಂದು ಒಂದು ಮರದ ತುಂಡು ಇಟ್ಕೊಂಡು ಅದನ್ನ ಮಧ್ಯೆ ಇಟ್ಟು ಇಟ್ಟು ವೆಲ್ಡ್ ಮಾಡ್ತಾ ಹೋದ್ರೆ ಕೊನೇ ಗ್ಯಾಪ್ ಮಾತ್ರ ಸುಮಾರು 8 ಎಂಎಂ ಜಾಸ್ತಿ ಬಂದು 102 ಆಗತ್ತೆ, ಯಾಕಂದ್ರೆ ಪ್ರತಿ ಸಲ ಬಿಟ್ಟ ಅರ್ಧ ಎಂಎಂ ಎಲ್ಲಾ ಅಲ್ಲಿ ಹೋಗಿ ಸೇರತ್ತೆ. ಅದಕ್ಕೆ ಒಳ್ಳೆ ಕೆಲಸದೋರು ಪಟ್ಟಿ ಮೇಲೆ ಒಂದು ತುದಿಯಿಂದಲೇ ಎಲ್ಲಾ ಮಾರ್ಕನ್ನೂ ಹಾಕ್ಕೊಂಡು ಆಮೇಲೆ ಸರಳು ಇಡ್ತಾರೆ. ಕೂರಿಸಿದ ಗ್ರಿಲ್ಲಲ್ಲಿ ಬಲಗಡೆ ಕೊನೇ ಗ್ಯಾಪ್ ಮಾತ್ರ ಬೇರೆ ಥರ ಕಾಣ್ತಿದ್ರೆ ಮಾರ್ಕ್ ಹಾಕದೇ ಮಾಡಿದಾರೆ ಅಂತ ತಿಳ್ಕೊಳ್ಳಿ.

13 ಸರಳು, ಒಂದೊಂದು 1180 ಎಂಎಂ, ಒಟ್ಟು 15.34 ಮೀಟರ್.

ಇಷ್ಟೇ ಸಾಕಾ? ಸಾಲಲ್ಲ. 1180 ಉದ್ದದ ಸರಳನ್ನ ಮೇಲೆ ಕೆಳಗೆ ಮಾತ್ರ ಹಿಡಿದ್ರೆ ಮಧ್ಯದಲ್ಲಿ ಕಾರ್ ಜ್ಯಾಕ್ ಇಟ್ಟು ತಿರುಗಿಸಿದ್ರೆ ಬಾಗತ್ತೆ. ಅದಕ್ಕೆ ಮಧ್ಯದಲ್ಲಿ ಅಡ್ಡಡ್ಡಕ್ಕೆ ಒಂದು ಪಟ್ಟಿ, ಅದೇ 25×5, ಉದ್ದ 1480. ಅದರಲ್ಲಿ ಚೌಕದ ತೂತು ಹೊಡ್ದು ಸರಳನ್ನ ಅದರೊಳಗಿಂದ ಇಳಿಸಿದ್ರೆ ಅದಕ್ಕಿಂತ ಗಟ್ಟಿ ಇನ್ನೊಂದಿಲ್ಲ. ಕೆಲವ್ರು ತೂತು ಹೊಡೆಯೋ ಕೆಲಸ ಉಳಿಸೋಕೆ ಸರಳಿನ ಹಿಂದೆ ಪಟ್ಟಿ ಇಟ್ಟು ಚುಕ್ಕೆ ವೆಲ್ಡಿಂಗ್ ಹಾಕ್ತಾರೆ, ತೂಕ ಎರಡೂ ಒಂದೇ, ಬಲ ಒಂದೇ ಅಲ್ಲ.

ಉದ್ದ ಗೊತ್ತಾಯ್ತು, ತೂಕ?

ಕಬ್ಬಿಣದ ತೂಕಕ್ಕೆ ಒಂದೇ ಒಂದು ನಂಬರ್ ನೆನಪಿಟ್ಕೊಳ್ಳಿ. ಒಂದು ಘನ ಮೀಟರ್ ಸ್ಟೀಲು 7850 ಕೆಜಿ. ಅದರಿಂದ ಬರೋ ಸುಲಭ ಸೂತ್ರ: ರಾಡನ್ನ ಅಡ್ಡ ಕೊಯ್ದಾಗ ಕಾಣೋ ಮುಖದ ವಿಸ್ತೀರ್ಣ ಎಂಎಂ ಲೆಕ್ಕದಲ್ಲಿ ಎಷ್ಟೋ ಅದನ್ನ 0.00785ರಿಂದ ಗುಣಿಸಿದ್ರೆ ಒಂದು ಮೀಟರಿಗೆ ಎಷ್ಟು ಕೆಜಿ ಅಂತ ಬರತ್ತೆ. 12 ಸ್ಕ್ವೇರ್ ಅಂದ್ರೆ 12 ಇಂಟು 12, 144. ಗುಣಿಸಿದ್ರೆ 1.13 ಕೆಜಿ ಮೀಟರಿಗೆ. 25×5 ಪಟ್ಟಿ 125, ಅದಕ್ಕೆ 0.98 ಕೆಜಿ ಮೀಟರಿಗೆ.

ಈಗ ಕೂಡಿಸೋಣ. ಸರಳು 15.34 ಮೀಟರ್, 17.34 ಕೆಜಿ. ಸುತ್ತಿನ ಪಟ್ಟಿ 5.34 ಮೀಟರ್, 5.24 ಕೆಜಿ. ಮಧ್ಯದ ಪಟ್ಟಿ 1.48 ಮೀಟರ್, 1.45 ಕೆಜಿ. ಒಟ್ಟು 24.03 ಕೆಜಿ. ಪಟ್ಟೀಲಿ ಹೊಡೆದ ತೂತಿನಿಂದ 70 ಗ್ರಾಂ ಚಿಲ್ರೆ ಕಮ್ಮಿ ಆಗತ್ತೆ, ವೆಲ್ಡಿಂಗಿಂದ ಸ್ವಲ್ಪ ಸೇರತ್ತೆ, ಅದನ್ನೆಲ್ಲಾ ಬಿಟ್ಬಿಡಿ. ಕಿಟಕಿ 19.4 ಸ್ಕ್ವೇರ್ ಫೀಟ್ ಇದೆ, ಅಂದ್ರೆ ಸ್ಕ್ವೇರ್ ಫೀಟಿಗೆ ಸುಮಾರು 1.24 ಕೆಜಿ. ಯಾರಾದ್ರೂ ನಿಮಗೆ ಸ್ಕ್ವೇರ್ ಫೀಟ್ ರೇಟ್ ಹೇಳಿದ್ರೆ ಅದನ್ನ ಈ 1.24ರಿಂದ ಭಾಗಿಸಿ, ಕೆಜಿಗೆ ಎಷ್ಟು ಬಿತ್ತು ಅಂತ ಗೊತ್ತಾಗತ್ತೆ, ಆಮೇಲೆ ಕೆಜಿ ರೇಟ್ ಹೇಳಿದೋರ ಜೊತೆ ಹೋಲಿಸಿ. ಇದೇ ಡಿಸೈನ್, ಇದೇ ಗ್ಯಾಪ್ ಇದ್ರೆ ಮಾತ್ರ ಈ 1.24 ನಡೆಯೋದು ಅನ್ನೋದು ನೆನಪಿರ್ಲಿ. ಚಿಕ್ಕ ಬಾತ್‌ರೂಮ್ ಕಿಟಕಿಗೆ ಇದು ಜಾಸ್ತಿ ಆಗತ್ತೆ, ಯಾಕಂದ್ರೆ ಅಲ್ಲಿ ಒಳಗಿನ ಜಾಗ ಕಮ್ಮಿ, ಸುತ್ತಿನ ಪಟ್ಟೀದೇ ಪಾಲು ಹೆಚ್ಚು.

ತೂಕ ಎಲ್ಲಿ ಕರಗತ್ತೆ

ಈಗ ಅದೇ ಕಿಟಕಿ, ಬೇರೆ ಬೇರೆ ಥರ ಮಾಡಿ ನೋಡೋಣ. 12ರ ಬದಲು 10 ಎಂಎಂ ಸ್ಕ್ವೇರ್ ಹಾಕಿದ್ರೆ? ದಪ್ಪ ಬರೀ 2 ಎಂಎಂ ಕಮ್ಮಿ ಅನ್ಸತ್ತೆ, ಆದ್ರೆ ತೂಕ 144ರಿಂದ 100ಕ್ಕೆ ಇಳಿಯತ್ತೆ, ಮೂರರಲ್ಲಿ ಒಂದು ಭಾಗ ಹೋಯ್ತು ಅಂತಾನೇ ಇಟ್ಕೊಳ್ಳಿ. ಸರಳು ಅದೇ 13, ಸರಳಿನ ತೂಕ 12.04 ಕೆಜಿ, ಗ್ರಿಲ್ ಒಟ್ಟು 18.7. ಸರಿ, 12 ಎಂಎಂ ಉಳಿಸ್ಕೊಂಡು ಗ್ಯಾಪನ್ನ ಆರಿಂಚು, ಅಂದ್ರೆ 150 ಎಂಎಂವರೆಗೆ ಬಿಟ್ರೆ? ಸೂತ್ರ ಹಾಕಿ, 8.2 ಬರತ್ತೆ, 9 ಸರಳು, ಗ್ಯಾಪ್ 137 ಎಂಎಂ, ಸರಳಿನ ತೂಕ 12 ಕೆಜಿ, ಒಟ್ಟು ಮತ್ತೆ ಅದೇ 18.7.

ಇದನ್ನ ಗಮನಿಸಿ, ನನಗೆ ಈ ಇಡೀ ವಿಷಯದಲ್ಲಿ ತುಂಬಾ ಮುಖ್ಯ ಅನ್ಸೋದು ಇದೇ. ಒಂದು ಗ್ರಿಲ್ಲಲ್ಲಿ ಸರಳು ಸಣ್ಣ, ಇನ್ನೊಂದರಲ್ಲಿ ಗ್ಯಾಪು ದೊಡ್ಡದು, ಎರಡೂ ತಕ್ಕಡೀಲಿ ಒಂದೇ ತೂಕ. ಮೊದಲನೇದು ಬಗ್ಗಿಸೋಕೆ ಸುಲಭ, ಎರಡನೇದರಲ್ಲಿ ಮಗುವಿನ ಭಯ. ತೂಕ ಮಾತ್ರ ಕೇಳಿದ್ರೆ ನಿಮಗೆ ಯಾವುದು ಸಿಕ್ತಾ ಇದೆ ಅಂತ ಗೊತ್ತಾಗಲ್ಲ, ಸರಳಿನ ಸೈಜು, ಖಾಲಿ ಗ್ಯಾಪು, ತೂಕ, ಮೂರನ್ನೂ ಹಿಡಿದ್ರೆ ಮಾತ್ರ ಗ್ರಿಲ್ ಏನು ಅಂತ ಗೊತ್ತಾಗೋದು.

ಮೂರನೇದು, 12 ಎಂಎಂ ಅಂತ ಹೇಳಿ ರೌಂಡ್ ರಾಡ್ ಹಾಕೋದು. ರೌಂಡಿಗೆ ವ್ಯಾಸದ ವರ್ಗನ 162ರಿಂದ ಭಾಗಿಸೋದು, ಕಂಬಿ ಕೆಲಸದೋರೆಲ್ಲರಿಗೂ ಗೊತ್ತಿರೋ ಸೂತ್ರ. 144 ಭಾಗ 162, ಮೀಟರಿಗೆ 0.89 ಕೆಜಿ. ಸ್ಕ್ವೇರಲ್ಲಿ 1.13 ಇತ್ತು. ಅಷ್ಟೇ ಎಂಎಂ, ಆದ್ರೆ ಈ ಕಿಟಕೀಲಿ 3.7 ಕೆಜಿ ಕಮ್ಮಿ. ರೌಂಡ್ ತಪ್ಪು ಅಂತಲ್ಲ, ಚೆನ್ನಾಗೇ ಇರತ್ತೆ, ಸ್ಕ್ವೇರಿನ ತೂಕಕ್ಕೆ ದುಡ್ಡು ಕೊಟ್ಟು ರೌಂಡ್ ತಗೋಬೇಡಿ ಅಷ್ಟೇ.

ನಾಲ್ಕನೇದು ಟೊಳ್ಳು ಪೈಪು. ಹೊರಗಿಂದ 12×12, ಒಳಗೆ ಖಾಲಿ, ಗೋಡೆ ದಪ್ಪ 1.2 ಎಂಎಂ ಅಂದ್ರೆ ಮೀಟರಿಗೆ ಬರೀ 0.41 ಕೆಜಿ. ಗ್ರಿಲ್ ಒಟ್ಟು 13 ಕೆಜಿ ಒಳಗೇ ಬರತ್ತೆ. ಮೊದಲೇ ಹೇಳಿದ್ದು ಇದನ್ನೇ. ಪೇಂಟ್ ಹೊಡೆದ ಮೇಲೆ ಕಣ್ಣಿಗೆ ಗೊತ್ತಾಗಲ್ಲ, ಒಂದು ಸ್ಪ್ಯಾನರ್ ತಗೊಂಡು ತಟ್ಟಿ, ಟೊಳ್ಳಿನ ಸದ್ದೇ ಬೇರೆ. ಹ್ಯಾಕ್ಸಾ ಬ್ಲೇಡಲ್ಲಿ ಕಳ್ಳ ಕುಯ್ಯೋಕೆ ಗಟ್ಟಿ ಸರಳಿಗೆ ಹಿಡಿಯೋ ಹೊತ್ತು ಇದಕ್ಕೆ ಬೇಕಾಗಲ್ಲ, ಮತ್ತೆ ಒಳಗಡೆಯಿಂದ ತುಕ್ಕು ಹಿಡಿದ್ರೆ ಹೊರಗೆ ಪೇಂಟ್ ಉಬ್ಬೋವರೆಗೂ ಗೊತ್ತೇ ಆಗಲ್ಲ.

ಕೊನೇದು ಕಣ್ಣಿಗೆ ಬೀಳದೇ ಇರೋದು. ಅಂಗಡೀಲಿ 12 ಎಂಎಂ ಅಂತ ಕೊಡೋ ರಾಡು ನಿಜವಾಗ್ಲೂ 12 ಇರಲೇಬೇಕು ಅಂತೇನಿಲ್ಲ. 11.5 ಇದ್ರೆ ತೂಕ ನೂರಕ್ಕೆ 8 ಕಮ್ಮಿ, 11 ಇದ್ರೆ ನೂರಕ್ಕೆ 16 ಕಮ್ಮಿ, ಯಾಕಂದ್ರೆ ಎರಡೂ ಕಡೆಯಿಂದ ಸವೆಯತ್ತೆ. ಒಂದು ವರ್ನಿಯರ್ ತಗೊಂಡು ರೆಡ್ ಆಕ್ಸೈಡ್ ಹೊಡೆಯೋಕೆ ಮುಂಚೆ ನಾಲ್ಕೈದು ಸರಳನ್ನ ಎರಡೂ ಮುಖದಲ್ಲಿ ಅಳೀರಿ. ಎಸ್.ಜೆ.ಪಿ. ರೋಡ್ ಕಡೆ ಹೋದ್ರೆ ವರ್ನಿಯರ್ ಸುಲಭವಾಗಿ ಸಿಗತ್ತೆ, ಮನೆ ಕಟ್ಟೋವಾಗ ಬೇರೆ ಕಡೆನೂ ಉಪಯೋಗಕ್ಕೆ ಬರತ್ತೆ.

ಕೊಳ್ಳೋ ಕಬ್ಬಿಣ, ಹೋಗೋ ಕಬ್ಬಿಣ

ಗ್ರಿಲ್ಲಲ್ಲಿ 24 ಕೆಜಿ ಇದೆ ಅಂದ ಮಾತ್ರಕ್ಕೆ ಅಂಗಡಿಯಿಂದ 24 ಕೆಜಿ ತಂದ್ರೆ ಸಾಕಾಗಲ್ಲ. ರಾಡು ಸುಮಾರು 6 ಮೀಟರ್ ಲೆಂತಲ್ಲಿ ಬರತ್ತೆ. ಕಟಿಂಗ್ ವೀಲು ಒಂದೊಂದು ಕಟ್ಟಿಗೆ 3 ಎಂಎಂ ತಿನ್ನತ್ತೆ ಅಂತಿಟ್ಕೊಳ್ಳಿ. ನಮ್ಮ 1180ರ ಸರಳು ಒಂದು ಲೆಂತಲ್ಲಿ 5 ಬರತ್ತೆ, ಉಳಿಯೋದು 85 ಎಂಎಂ ತುಂಡು. ಬಹಳ ಚೆನ್ನಾಗಿ ಕೂತ್ಕೊಳ್ತು. 13 ಸರಳಿಗೆ ಮೂರು ಲೆಂತ್, ಮೂರನೇದರಲ್ಲಿ ಎರಡೂವರೆ ಮೀಟರ್ ಹತ್ರ ಉಳಿಯತ್ತೆ, ಅದು ಪಕ್ಕದ ಕಿಟಕಿಗೆ ಹೋಗತ್ತೆ.

ಈಗ ಕಿಟಕಿ ಎತ್ತರ ಬರೀ 50 ಎಂಎಂ ಜಾಸ್ತಿ ಮಾಡಿ, 1250. ಸರಳು 1230 ಆಯ್ತು. ಐದು ಬೇಕಂದ್ರೆ 6150, ಲೆಂತ್ ಮೀರಿತು. ನಾಲ್ಕೇ ಬರೋದು, ಪ್ರತಿ ಲೆಂತಲ್ಲೂ 1068 ಎಂಎಂ ತುಂಡು ಉಳೀತು, ಒಂದು ಸರಳಿಗೆ ಸಾಲಲ್ಲ. ಮೂರು ಲೆಂತ್ ಸಾಕಾಗ್ತಿದ್ದ ಕಡೆ ನಾಲ್ಕು. ಆ ಒಂದು ಮೀಟರ್ ತುಂಡುಗಳು ಬಾತ್‌ರೂಮ್ ಕಿಟಕಿಗೆ ಹೋದ್ರೆ ಸರಿ, ಇಲ್ಲಾಂದ್ರೆ ಗುಜರಿಗೆ. ಅದಕ್ಕೆ ಇಡೀ ಮನೆ ಕಿಟಕಿಗಳ ಕಟಿಂಗ್ ಲಿಸ್ಟನ್ನ ಒಟ್ಟಿಗೆ ಮಾಡಿ, ದೊಡ್ಡ ಸರಳು ಮೊದಲು ಕತ್ತರಿಸಿ, ಉಳಿದ ತುಂಡಲ್ಲಿ ಚಿಕ್ಕದು ತೆಗೀಬೇಕು. ಕೆಜಿ ರೇಟಲ್ಲಿ ಮಾಡಿಸ್ತಿದ್ರೆ ವೇಸ್ಟೇಜ್ ಯಾರ ತಲೆಗೆ ಅಂತ ಮೊದಲೇ ಮಾತಾಡ್ಕೊಳ್ಳಿ, ನನ್ನ ಪ್ರಕಾರ ತೂಕ ಹಾಕಬೇಕಾಗಿರೋದು ಮುಗಿದ ಗ್ರಿಲ್‌ನ, ತಂದ ರಾಡನ್ನಲ್ಲ.

ಕೇಳಿದ ಪ್ರಶ್ನೆಗಳಲ್ಲಿ ಎರಡು

ಒಬ್ಬರು ಮೇಡಂ ಕೇಳಿದ್ರು, ಸರಳನ್ನ ಅಡ್ಡಡ್ಡ ಹಾಕಿದ್ರೆ ಕಬ್ಬಿಣ ಉಳಿಯತ್ತಾ ಅಂತ. ಹಾಕಿ ನೋಡೋಣ ಮೇಡಂ ಅಂದೆ. ಎತ್ತರ 1180, ಸೂತ್ರದಲ್ಲಿ 9.6 ಬರತ್ತೆ, 10 ಸರಳು, ಒಂದೊಂದು 1480, ಒಟ್ಟು 14.8 ಮೀಟರ್, 16.7 ಕೆಜಿ. ಉದ್ದಕ್ಕೆ ನಿಲ್ಲಿಸಿದಾಗ 17.3 ಇತ್ತು. ಅರ್ಧ ಕೆಜಿ ಚಿಲ್ರೆ ಉಳೀತು ಅಷ್ಟೇ. ಆದ್ರೆ ಅಡ್ಡ ಸರಳು ಮಕ್ಕಳಿಗೆ ಏಣಿ ಆಗತ್ತೆ, ಹತ್ತಿ ನಿಂತ್ಕೊಳ್ತಾರೆ, ಮೊದಲನೇ ಮಹಡಿ ಮೇಲೆ ನಾನಂತೂ ಹಾಕಲ್ಲ.

ಇನ್ನೊಬ್ಬರು, ಮನೆಗೆ ತಂದ್ಮೇಲೆ ತೂಕ ಹೆಂಗ್ ನೋಡೋದು ಸಾರ್, ತಕ್ಕಡಿ ಎಲ್ಲಿಂದ ತರೋದು ಅಂದ್ರು. ಮೈ ತೂಕ ನೋಡೋ ಮಷಿನ್ ಸಾಕು. ಮೊದಲು ನೀವೊಬ್ರೇ ನಿಂತು ಓದ್ಕೊಳ್ಳಿ, ಆಮೇಲೆ ಗ್ರಿಲ್ ಎತ್ಕೊಂಡು ನಿಲ್ಲಿ, ಗ್ರಿಲ್ ಎಲ್ಲೂ ನೆಲಕ್ಕೆ ಗೋಡೆಗೆ ತಾಕದಂಗೆ, ಎರಡರ ವ್ಯತ್ಯಾಸವೇ ಗ್ರಿಲ್ ತೂಕ. ಲೆಕ್ಕ 24 ಇದ್ದು ಮಷಿನ್ 23 ತೋರಿಸಿದ್ರೆ ನಾನು ಸುಮ್ಮನಿರ್ತೀನಿ, ರಾಡಿನ ಸೈಜಲ್ಲಿ ಮಷಿನಲ್ಲಿ ಅಷ್ಟು ಹೆಚ್ಚು ಕಮ್ಮಿ ಬರತ್ತೆ. 21 ತೋರಿಸಿದ್ರೆ ಮೊದಲು ಸರಳು ಎಣಿಸಿ, 13 ಸರಿ ಇದ್ರೆ ವರ್ನಿಯರ್ ತಗೊಳ್ಳಿ, 12 ಎಂಎಂ ಇರಬೇಕಾದ ಕಡೆ 11 ಇದ್ರೆ ತೂಕ ಸರಿಯಾಗಿ 21ರ ಹತ್ರಾನೇ ಬರತ್ತೆ. ಗೋಡೆಗೆ ಕೂರಿಸಿ ಸಿಮೆಂಟ್ ಹಾಕೋಕೆ ಮುಂಚೆ ಇದನ್ನ ಮಾಡಿ, ಬಾಕಿ ದುಡ್ಡು ಕೊಡೋದು ಅದಾದ್ಮೇಲೆ.